ಅಜ್ಜಿಯ ಲೂಡೋ ನಿಯಮ: ಲೂಟ್ ಗೇಮ್‌ಗಳ ಡ್ರಾಪ್ ರೇಟ್ ಮತ್ತು ಪಿಟಿ ಟೈಮರ್ ಲೆಕ್ಕ

(ಗೇಮ್ ಮಾಡುವವರೂ ಆಡುವವರೂ ಸೇರಿದ್ದ ಒಂದು ಸಂಜೆ ಬೆಂಗಳೂರಿನಲ್ಲಿ ಆಡಿದ ಮಾತು ಇದು. ತಡವರಿಸಿದ್ದನ್ನು ತೆಗೆದಿದ್ದೇನೆ, ಲೆಕ್ಕ ಹಾಗೇ ಇದೆ.)

ಬೇಸಿಗೆ ರಜೆ ಬಂದರೆ ಅಜ್ಜಿ ಮನೆಯಲ್ಲಿ ನಾವು ನಾಲ್ಕು ಜನ ಮೊಮ್ಮಕ್ಕಳು ಸೇರುತ್ತಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಡುತ್ತಿರಲಿಲ್ಲ. ನಡುಮನೆಯಲ್ಲಿ ಲೂಡೋ ಹಾಸಿಕೊಂಡು ಕೂರುತ್ತಿದ್ದೆವು. ಆರು ಬೀಳದೆ ಕಾಯಿ ಮನೆಯಿಂದ ಹೊರಗೆ ಬರುವ ಹಾಗಿಲ್ಲ, ಗೊತ್ತಲ್ವಾ? ಯಾರೋ ಒಬ್ಬರಿಗೆ ಆರು ಬೀಳುತ್ತಲೇ ಇರಲಿಲ್ಲ. ಉಳಿದವರ ಕಾಯಿ ಅರ್ಧ ದಾರಿ ಸುತ್ತಿದ್ದರೂ ಅವರದು ಒಳಗೇ. ಆಮೇಲೆ ಅಳು, ಜಗಳ, ಹಲಗೆ ಮಗುಚಿ ಹಾಕುವುದು. ಒಂದು ದಿನ ಅಜ್ಜಿ ಅಡುಗೆಮನೆಯಿಂದಲೇ ಕೂಗಿ ನಿಯಮ ಮಾಡಿದರು: "ಹತ್ತು ಸಲ ಹಾಕಿದ್ರೂ ಆರು ಬೀಳ್ಲಿಲ್ಲ ಅಂದ್ರೆ ಒಂದು ಕಾಯಿ ಸುಮ್ನೆ ಹೊರಗೆ ಬಿಡ್ರೋ!"

ಎಷ್ಟೋ ವರ್ಷದ ಮೇಲೆ ಗೇಮ್ ಮಾಡುವ ಕೆಲಸಕ್ಕೆ ಸೇರಿದಾಗ ಇದಕ್ಕೆ ಪಿಟಿ ಟೈಮರ್ ಅನ್ನುತ್ತಾರೆ ಎಂದು ತಿಳಿಯಿತು. ಸ್ಕೂಲಿನ ಪಿ.ಟಿ. ಮೇಷ್ಟ್ರಿಗೂ ಇದಕ್ಕೂ ಸಂಬಂಧ ಇಲ್ಲ. ಇದು "ಅಯ್ಯೋ ಪಾಪ" ಅನ್ನುವ ಪಿಟಿ. ಟೈಮರ್ ಅನ್ನುವುದೂ ಬರೀ ಹೆಸರು. ಒಳಗೆ ಗಡಿಯಾರ ಏನೂ ಓಡುವುದಿಲ್ಲ. ಎಷ್ಟು ಸಲ ಕೈತಪ್ಪಿತು ಅನ್ನುವ ಒಂದು ಎಣಿಕೆ ಇರುತ್ತದೆ, ಅಷ್ಟೇ.

ಅಜ್ಜಿಯ ನಿಯಮದ ಲೆಕ್ಕ ನೋಡಿ. ಒಬ್ಬರಿಗೆ ಹತ್ತು ಸಲವೂ ಆರು ಬೀಳದೆ ಇರುವ ಸಾಧ್ಯತೆ ಸುಮಾರು 16 ಪರ್ಸೆಂಟ್. ಅಷ್ಟೇನಾ ಅನಿಸಬಹುದು. ಆದರೆ ಆಡುವವರು ನಾಲ್ಕು ಜನ. ನಾಲ್ವರಲ್ಲಿ ಒಬ್ಬರಾದರೂ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ 50 ಪರ್ಸೆಂಟಿಗೆ ಒಂದು ಕೂದಲು ಜಾಸ್ತಿ. ಎರಡು ಆಟಕ್ಕೆ ಒಂದು ಅಳು. ಅಜ್ಜಿಗೆ ಪರ್ಸೆಂಟ್ ಲೆಕ್ಕ ಬರುತ್ತಿರಲಿಲ್ಲ, ಅಳು ಎಷ್ಟು ಸಲ ಕೇಳಿಸುತ್ತದೆ ಅನ್ನುವುದು ಗೊತ್ತಿತ್ತು. ಗೇಮ್ ಕಂಪನಿಗಳಿಗೂ ಗೊತ್ತಿರುವುದು ಅದೇ. ಅಲ್ಲಿ ಆಡುವವರು ನಾಲ್ಕು ಜನ ಅಲ್ಲ, ಲಕ್ಷಗಟ್ಟಲೆ.

ಲೂಟ್ ಗೇಮ್ ಅಂದರೆ ರಾಕ್ಷಸರನ್ನು ಕೊಂದು, ಅವರಿಂದ ಬೀಳುವ ಐಟಂಗಳನ್ನು ಕೂಡಿಸುವ ಆಟ. ಪಿಟಿಗೆ ಬರುವ ಮೊದಲು, ರಾಕ್ಷಸ ಸತ್ತ ಕ್ಷಣ ಏನಾಗುತ್ತದೆ ನೋಡೋಣ. ಹಳೆಯದಾದರೂ 2000ದಲ್ಲಿ ಬಂದ ಡಯಾಬ್ಲೋ 2 ಇದಕ್ಕೆ ಒಳ್ಳೆಯ ಉದಾಹರಣೆ. ಈ ಜಾತಿಯ ಗೇಮ್‌ಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದರ ಮಕ್ಕಳೇ. ಅಲ್ಲಿ ದಾಳ ಒಂದೇ ಸಲ ಉರುಳುವುದಿಲ್ಲ. ಪ್ರತಿ ರಾಕ್ಷಸನಿಗೂ ಟ್ರೆಷರ್ ಕ್ಲಾಸ್ ಎಂಬ ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಪರ್ಸೆಂಟ್ ಬರೆದಿರುವುದಿಲ್ಲ, ತೂಕ ಬರೆದಿರುತ್ತದೆ. ಚಿನ್ನಕ್ಕೆ ಇಷ್ಟು ತೂಕ, ಕತ್ತಿಗೆ ಇಷ್ಟು, "ಏನೂ ಇಲ್ಲ" ಎಂಬುದಕ್ಕೂ ಇಷ್ಟು. ಏನೂ ಬೀಳದಿರುವುದೂ ಪಟ್ಟಿಯ ಒಂದು ಐಟಂ! ಒಂದರ ತೂಕವನ್ನು ಒಟ್ಟು ತೂಕದಿಂದ ಭಾಗಿಸಿದರೆ ಅದರ ಪಾಲು ಸಿಗುತ್ತದೆ. ಹೊಸ ಐಟಂ ಒಂದನ್ನು ಪಟ್ಟಿಗೆ ಸೇರಿಸಿದರೆ ಒಟ್ಟು ತೂಕ ಏರುತ್ತದೆ, ಹಳೆಯದರ ಪಾಲು ತಾನಾಗಿ ಇಳಿಯುತ್ತದೆ. "ಅಪ್‌ಡೇಟ್ ಆದಮೇಲೆ ನನ್ನ ಕತ್ತಿ ಬೀಳೋದೇ ನಿಂತುಹೋಯ್ತು" ಎಂದು ಆಟಗಾರರು ಗೊಣಗುವಾಗ ಎಷ್ಟೋ ಸಲ ನಡೆದಿರುವುದು ಇದೇ. ಕತ್ತಿಯ ಸಾಲನ್ನು ಯಾರೂ ಮುಟ್ಟಿರುವುದಿಲ್ಲ.

ಡಯಾಬ್ಲೋ 2ರಲ್ಲಿ ಒಬ್ಬರೇ ಆಡುವಾಗ ಚಾಟ್‌ನಲ್ಲಿ `/players 8` ಎಂದು ಟೈಪ್ ಮಾಡಿದವರು ಇಲ್ಲಿ ಇದ್ದೀರಿ, ನಗುತ್ತಿರುವುದು ಕಾಣಿಸುತ್ತಿದೆ. ಎಂಟು ಜನ ಆಡುತ್ತಿದ್ದಾರೆ ಎಂದು ಗೇಮ್ ನಂಬುತ್ತದೆ. ರಾಕ್ಷಸರ ಜೀವ ಜಾಸ್ತಿಯಾಗುತ್ತದೆ, "ಏನೂ ಇಲ್ಲ" ಎಂಬುದರ ತೂಕ ಕಡಿಮೆಯಾಗುತ್ತದೆ. ಒಳ್ಳೆಯ ಐಟಂನ ತೂಕವನ್ನು ಏರಿಸಿಲ್ಲ, ಖಾಲಿ ಕೈಯ ತೂಕವನ್ನು ಇಳಿಸಿದ್ದಾರೆ.

ಏನೋ ಒಂದು ಬಿತ್ತು ಅನ್ನಿ. ಅದು ಯಾವ ದರ್ಜೆಯದು ಎಂದು ಮತ್ತೆ ದಾಳ. ಮೊದಲು ಎಲ್ಲಕ್ಕಿಂತ ಅಪರೂಪದ ಯೂನಿಕ್ ಆಗುತ್ತದಾ ಎಂದು ನೋಡುತ್ತದೆ. ಇಲ್ಲವಾದರೆ ಸೆಟ್, ಅದೂ ಇಲ್ಲವಾದರೆ ರೇರ್, ಆಮೇಲೆ ಮ್ಯಾಜಿಕ್. ಹಾಕಿಕೊಂಡ ಒಡವೆಗಳಿಂದ ಬರುವ, ಒಳ್ಳೆಯ ದರ್ಜೆಯ ಸಾಧ್ಯತೆ ಏರಿಸುವ ಮ್ಯಾಜಿಕ್ ಫೈಂಡ್ ಎಂಬ ಗುಣ ಕೆಲಸ ಮಾಡುವುದು ಇಲ್ಲಿ. ನಿಮ್ಮ ಬಳಿ 300 ಪರ್ಸೆಂಟ್ ಮ್ಯಾಜಿಕ್ ಫೈಂಡ್ ಇದ್ದರೆ ಯೂನಿಕ್ ಬೀಳುವುದು ನಾಲ್ಕು ಪಟ್ಟಾಗಬೇಕಲ್ವಾ? ಆಗುವುದಿಲ್ಲ. ಯೂನಿಕ್ ದಾಳಕ್ಕೆ ಅದನ್ನು ಈ ಸೂತ್ರದಲ್ಲಿ ಹಿಂಡಿ ಕಳಿಸುತ್ತಾರೆ:

```
MF * 250 / (MF + 250)
```

300 ಹಾಕಿ ನೋಡಿ, 136 ಬರುತ್ತದೆ. 100 ಹಾಕಿದರೆ 71. ಎಷ್ಟೇ ಒಡವೆ ಹಾಕಿಕೊಂಡರೂ 250 ದಾಟುವುದಿಲ್ಲ. ಮೊದಲ ನೂರು ಕೊಡುವಷ್ಟು ಲಾಭವನ್ನು ಆಮೇಲಿನ ಇನ್ನೂರು ಸೇರಿದರೂ ಕೊಡುವುದಿಲ್ಲ. ಇನ್ನೊಂದು ತಮಾಷೆ ಇದೆ. ದಾಳ ಯೂನಿಕ್ ಎಂದು ಹೇಳಿತು, ಆದರೆ ಆ ಐಟಂಗೆ ಆ ಮಟ್ಟದಲ್ಲಿ ಕೊಡಬಲ್ಲ ಯೂನಿಕ್ ರೂಪ ಇಲ್ಲ ಅನ್ನಿ. ಆಗ ಗೇಮ್ ಅದನ್ನು ರೇರ್ ಮಾಡಿ, ಬಾಳಿಕೆಯನ್ನು ಮೂರು ಪಟ್ಟು ಮಾಡಿ ಕೊಡುತ್ತದೆ. ವಿಚಿತ್ರವಾಗಿ ಗಟ್ಟಿ ಇರುವ ರೇರ್ ಕತ್ತಿ ಸಿಕ್ಕಿದರೆ, ಅದು ಯೂನಿಕ್ ಆಗಲು ಹೋಗಿ ಆಗದೆ ಉಳಿದದ್ದು ಎಂದು ತಿಳಿಯಿರಿ.

ಡಯಾಬ್ಲೋ 2ರಲ್ಲಿ ಪಿಟಿ ಇಲ್ಲ. ಮೆಫಿಸ್ಟೋ ಎಂಬ ದೊಡ್ಡ ರಾಕ್ಷಸನನ್ನು ಸಾವಿರ ಸಲ ಕೊಂದಿದ್ದರೂ ಸಾವಿರದ ಒಂದನೇ ಸಲದ ದಾಳಕ್ಕೆ ಹಿಂದಿನದು ಏನೂ ನೆನಪಿರುವುದಿಲ್ಲ. ನೆನಪಿಲ್ಲದ ದಾಳ ಮನುಷ್ಯರಿಗೆ ಏನು ಮಾಡುತ್ತದೆ ಎಂದು ತಿಳಿಯಲು ವಾರ್‌ಫ್ರೇಮ್‌ಗೆ ಹೋಗೋಣ. ಕೆನಡಾದ ಡಿಜಿಟಲ್ ಎಕ್ಸ್‌ಟ್ರೀಮ್ಸ್‌ನವರ ಗೇಮ್, 2013ರಿಂದ ನಡೆಯುತ್ತಿದೆ. ಅದನ್ನು ಆರಿಸಲು ಕಾರಣ, ಅವರು ತಮ್ಮ ಡ್ರಾಪ್ ಪಟ್ಟಿಯನ್ನು ತಾವೇ ಬಹಿರಂಗವಾಗಿ ಇಟ್ಟಿದ್ದಾರೆ. ನಾವು ಊಹೆ ಮಾಡಬೇಕಾಗಿಲ್ಲ.

ಅಲ್ಲಿ ರೆಲಿಕ್ ಎಂಬುದನ್ನು ಒಡೆಯಬೇಕು. ಒಳಗೆ ಆರು ಐಟಂ. ಮೂರು ಸಾಮಾನ್ಯ, ಎರಡು ಮಧ್ಯಮ, ಒಂದು ಅಪರೂಪದ್ದು. ರೆಲಿಕ್ ಅನ್ನು ಹಾಗೇ ಒಡೆದರೆ ಅಪರೂಪದ್ದು ಬರುವ ಸಾಧ್ಯತೆ 2 ಪರ್ಸೆಂಟ್. "ಎರಡು ಪರ್ಸೆಂಟ್ ಅಂದರೆ ಐವತ್ತಕ್ಕೆ ಒಂದು. ಐವತ್ತು ಒಡೆದರೆ ಬರುತ್ತೆ" ಎಂದು ನಮ್ಮ ಮನಸ್ಸು ಹೇಳುತ್ತದೆ. ಇಲ್ಲೇ ಎಲ್ಲರೂ ಎಡವುವುದು.

ಸಾವಿರ ಜನ ತಲಾ ಐವತ್ತು ರೆಲಿಕ್ ಒಡೆದರು ಅಂದುಕೊಳ್ಳಿ. ಪ್ರತಿ ಸಲ ಸಿಗದಿರುವ ಸಾಧ್ಯತೆ 0.98. ಅದನ್ನು ಐವತ್ತು ಸಲ ಗುಣಿಸಿದರೆ 0.364. ಅಂದರೆ 364 ಜನರ ಕೈ ಇನ್ನೂ ಖಾಲಿ. ನೂರು ಒಡೆದ ಮೇಲೂ 133 ಜನಕ್ಕೆ ಇಲ್ಲ. ಇನ್ನೂರು ಒಡೆದ ಮೇಲೂ 18 ಜನ ಕಾಯುತ್ತಿರುತ್ತಾರೆ. ಇತ್ತ ಅರ್ಧ ಜನಕ್ಕೆ ಮೊದಲ 35ರೊಳಗೇ ಸಿಕ್ಕಿಬಿಟ್ಟಿರುತ್ತದೆ. ಸರಾಸರಿ ಐವತ್ತು ಅನ್ನುವುದು ನಿಜ. ಆದರೆ ಬೇಗ ಸಿಕ್ಕವರ ಮತ್ತು ಎಷ್ಟೋ ತಡವಾಗಿ ಸಿಕ್ಕವರ ನಡುವೆ ಅದು ಒಂದು ಲೆಕ್ಕದ ಗುರುತು ಮಾತ್ರ. ಬೇಗ ಸಿಕ್ಕವರು ಸುಮ್ಮನೆ ಮುಂದೆ ಹೋಗುತ್ತಾರೆ. ಮಾತಾಡುವವರು ಆ 133 ಜನ. ಅವರು ಸುಳ್ಳು ಹೇಳುತ್ತಿಲ್ಲ, ಗೇಮೂ ಮೋಸ ಮಾಡುತ್ತಿಲ್ಲ.

ವಾರ್‌ಫ್ರೇಮ್ ರೆಲಿಕ್‌ಗಳಲ್ಲಿ ಇದಕ್ಕೆ ಎಣಿಕೆ ಇಡುವ ಪಿಟಿಯನ್ನು ತರಲಿಲ್ಲ. ಬೇರೆ ದಾರಿ ಹಿಡಿದರು. ವಾಯ್ಡ್ ಟ್ರೇಸ್ ಎಂಬುದನ್ನು ಕೂಡಿಡಬೇಕು. ನೂರು ಟ್ರೇಸ್ ಖರ್ಚು ಮಾಡಿದರೆ ರೆಲಿಕ್ ರೇಡಿಯೆಂಟ್ ಆಗುತ್ತದೆ, ಅಪರೂಪದ್ದು 2ರಿಂದ 10 ಪರ್ಸೆಂಟಿಗೆ ಏರುತ್ತದೆ. ಇನ್ನೂ ಮುಖ್ಯವಾದದ್ದು, ನಾಲ್ಕು ಜನ ಸೇರಿ ಒಡೆದರೆ ನಾಲ್ವರಿಗೆ ಬಂದದ್ದೂ ಎಲ್ಲರಿಗೂ ಕಾಣಿಸುತ್ತದೆ, ಅದರಲ್ಲಿ ಯಾವುದನ್ನು ಬೇಕಾದರೂ ನೀವು ಆರಿಸಿಕೊಳ್ಳಬಹುದು. ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರಿಗೆ ಇಲ್ಲ ಎಂದಿಲ್ಲ. ಹಾಗಾಗಿ ಒಂದೇ ರೆಲಿಕ್ ಅನ್ನು ನಾಲ್ವರೂ ರೇಡಿಯೆಂಟ್ ಮಾಡಿ ತಂದರೆ ಒಂದು ರನ್‌ಗೆ ನಾಲ್ಕು ದಾಳ. ಯಾರಿಗೂ ಬಾರದಿರುವ ಸಾಧ್ಯತೆ 0.9 ಅನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 0.656. ಬರುವ ಸಾಧ್ಯತೆ 34 ಪರ್ಸೆಂಟ್. ಎರಡು ಎಲ್ಲಿ, ಮೂವತ್ತನಾಲ್ಕು ಎಲ್ಲಿ! ನನಗೆ ಈ ವ್ಯವಸ್ಥೆ ಇಷ್ಟ. ದಾಳಕ್ಕೆ ನೆನಪು ಕೊಡದೆ, ಜನರನ್ನು ಒಟ್ಟಿಗೆ ಕೂರಿಸಿ ಅದೃಷ್ಟದ ಕಾಟ ಕಡಿಮೆ ಮಾಡಿದ್ದಾರೆ.

ಈಗ ಅಜ್ಜಿಯ ದಾರಿಗೆ ಬರೋಣ. ಹಿಂದೆ ನಾನು ಒಂದು ಚಿಕ್ಕ ಸ್ಟುಡಿಯೋದಲ್ಲಿ ಇದ್ದೆ. ಹೆಸರು ಬೇಡ. ಫೋನಿನಲ್ಲಿ ಆಡುವ ಲೂಟ್ ಗೇಮ್. ಕೊನೆಯ ಬಾಸ್‌ಗೆ ಒಂದು ಚಿನ್ನದ ಬಣ್ಣದ ಆಯುಧ. ಸರಾಸರಿ 25 ಸಲ ಕೊಂದರೆ ಒಂದು ಸಿಗಬೇಕು ಎಂದು ತೀರ್ಮಾನವಾಗಿತ್ತು. ಸುಲಭದ ದಾರಿ ಅಂದರೆ ಪ್ರತಿ ಸಲ 4 ಪರ್ಸೆಂಟ್ ಇಟ್ಟುಬಿಡುವುದು. ನಾವು ಹಾಗೆ ಮಾಡದೆ ಪಿಟಿ ಹಾಕಿದೆವು. ಒಳಗಿನ ಕೋಡ್ ಇಷ್ಟೇ:

```
p = 0.02
if misses >= 30: p = 0.02 + 0.06 * (misses - 29)
if rand() < p: drop(); misses = 0
else: misses = misses + 1
```

ಮೊದಲ 30 ಸಲ 2 ಪರ್ಸೆಂಟ್. 31ನೇ ಸಲ 8, ಆಮೇಲೆ 14, 20, 26, ಹೀಗೆ ಏರುತ್ತಾ ಹೋಗುತ್ತದೆ. ಹೀಗೆ ಮೆಲ್ಲಗೆ ಏರುವುದಕ್ಕೆ ಸಾಫ್ಟ್ ಪಿಟಿ ಅನ್ನುತ್ತಾರೆ. 47ನೇ ಸಲಕ್ಕೆ ನೂರು ದಾಟುತ್ತದೆ, ಅಲ್ಲಿ ಖಾತ್ರಿ. ಅದು ಹಾರ್ಡ್ ಪಿಟಿ. ಇಡೀ ಲೆಕ್ಕ ಕೂಡಿಸಿದರೆ ಸರಾಸರಿ 25.2 ಬರುತ್ತದೆ. 4 ಪರ್ಸೆಂಟ್ ಇಟ್ಟರೂ ಸುಮಾರು ಅಷ್ಟೇ. ಹಾಗಾದರೆ ಎರಡೂ ಒಂದೇನಾ?

ಮತ್ತೆ ಸಾವಿರ ಜನರನ್ನು ಕರೆಯೋಣ. ನೆಟ್ಟಗೆ 4 ಪರ್ಸೆಂಟ್ ಇಟ್ಟರೆ ಮೊದಲ ಹತ್ತು ಸಲದಲ್ಲೇ 335 ಜನಕ್ಕೆ ಆಯುಧ ಸಿಗುತ್ತದೆ. ನಮ್ಮ ಪಿಟಿ ಗೇಮ್‌ನಲ್ಲಿ 183 ಜನಕ್ಕೆ ಮಾತ್ರ. 30 ಸಲ ಕೊಂದಾಗ ನೆಟ್ಟಗಿನ ದಾಳದಲ್ಲಿ ಕೈ ಖಾಲಿ ಇರುವವರು 294 ಜನ, ಪಿಟಿ ಗೇಮ್‌ನಲ್ಲಿ 545. ಹೌದು, ಪಿಟಿ ಇರುವಲ್ಲೇ ಜಾಸ್ತಿ ಜನ ಬರಿಗೈಯಲ್ಲಿದ್ದಾರೆ! ಇನ್ನು ಹತ್ತು ಸಲ ಮುಂದೆ ಹೋಗಿ. 40 ಸಲ ಕೊಂದ ಮೇಲೆ ನೆಟ್ಟಗಿನ ದಾಳದಲ್ಲಿ 195 ಜನ ಕಾಯುತ್ತಿದ್ದಾರೆ, ಪಿಟಿಯಲ್ಲಿ ಐದೇ ಜನ. 50ಕ್ಕೆ 130 ಮತ್ತು ಸೊನ್ನೆ.

ಪಿಟಿ ಟೈಮರ್ ಕಂಪನಿಯ ಗಂಟಿನಿಂದ ತೆಗೆದು ಕೊಡುವ ದಾನ ಅಲ್ಲ. ಬೇಗ ಸಿಗಬೇಕಾಗಿದ್ದವರ ಅದೃಷ್ಟವನ್ನು ಕಿತ್ತು ತಡವಾದವರಿಗೆ ಹಂಚುತ್ತದೆ. ಸರಾಸರಿಯನ್ನು ಅಲ್ಲೇ ಇಟ್ಟುಕೊಳ್ಳಬೇಕು ಅಂದರೆ ಕೊನೆಯಲ್ಲಿ ಏರಿಸಿದಷ್ಟನ್ನು ಮೊದಲಲ್ಲಿ ಇಳಿಸಲೇಬೇಕು. ಅದಕ್ಕೇ ನಾವು 4 ಅನ್ನು 2 ಮಾಡಿದ್ದು. ಈ ಉಪಾಯ ಹೊಸದೇನಲ್ಲ. 2002ರ ವಾರ್‌ಕ್ರಾಫ್ಟ್ 3ರಲ್ಲಿ "25 ಪರ್ಸೆಂಟ್" ಸಾಧ್ಯತೆಯದು ಎಂದು ಬರೆದಿದ್ದ ವಿಶೇಷ ಏಟುಗಳು ನಿಜವಾಗಿ ಶುರುವಾಗುವುದು ಸುಮಾರು ಎಂಟೂವರೆ ಪರ್ಸೆಂಟಿನಿಂದ. ತಪ್ಪಿದ ಹಾಗೆಲ್ಲ ಅಷ್ಟಷ್ಟೇ ಏರುತ್ತದೆ, ಹನ್ನೆರಡನೆಯದಕ್ಕೆ ಖಾತ್ರಿ. ಸರಾಸರಿ ಮಾತ್ರ 25ಕ್ಕೇ ಬಂದು ನಿಲ್ಲುತ್ತದೆ.

ನಮ್ಮ ಸಾವಿರ ಜನರಲ್ಲಿ 540 ಜನಕ್ಕೆ ಆಯುಧ ಸಿಗುವುದು 31 ಮತ್ತು 40ರ ನಡುವೆ. ಅರ್ಧಕ್ಕಿಂತ ಜಾಸ್ತಿ ಜನ! ಅವರ ಮಟ್ಟಿಗೆ 2 ಪರ್ಸೆಂಟ್ ಅನ್ನುವುದು ಹೆಸರಿಗೆ ಮಾತ್ರ. ಅವರು ಆಡುತ್ತಿರುವುದು "ಮೂವತ್ತು ಸಲ ಕೂಲಿ ಮಾಡು, ಆಮೇಲೆ ಕೊಡ್ತೀನಿ" ಅನ್ನುವ ಆಟ. ಅಳು ನಿಂತಿತು ನಿಜ. ಏಳನೇ ಸಲಕ್ಕೇ ಬಿದ್ದು ಕುರ್ಚಿಯಿಂದ ಹಾರುವ ಸಂತೋಷವೂ ಅರ್ಧಕ್ಕರ್ಧ ಕಡಿಮೆಯಾಯಿತು. ಇದು ಸರಿಯಾ ಎಂದು ಕೇಳಿದರೆ, ಬಾಸ್ ಒಂದಕ್ಕೆ ಹತ್ತು ನಿಮಿಷ ಬೇಕಾದ ಗೇಮ್‌ನಲ್ಲಿ ನಾನು ಪಿಟಿ ಹಾಕುತ್ತೇನೆ. ನಿಮಿಷಕ್ಕೆ ನೂರು ರಾಕ್ಷಸರು ಸಾಯುವ ಗೇಮ್‌ನಲ್ಲಿ ಸಣ್ಣ ಐಟಂಗೆ ಹಾಕುವುದಿಲ್ಲ. ಅಲ್ಲಿ ದಾಳ ಎಷ್ಟು ಸಲ ಉರುಳುತ್ತದೆ ಎಂದರೆ ಅದೃಷ್ಟ ತಾನೇ ಸಮವಾಗುತ್ತದೆ.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: "ಕಂಪನಿ ಹೇಳದಿದ್ದರೆ ಸಾಫ್ಟ್ ಪಿಟಿ ಇದೆ ಅಂತ ನಮಗೆ ಗೊತ್ತಾಗೋದು ಹೇಗೆ ಸರ್?" ಒಳ್ಳೆಯ ಪ್ರಶ್ನೆ. ಕೆಲವು ಸಲ ಕಂಪನಿ ಹೇಳಿದ ಅಂಕಿಗಳೇ ಬಾಯಿಬಿಡುತ್ತವೆ.

ಗೆನ್ಶಿನ್ ಇಂಪ್ಯಾಕ್ಟ್ ನೋಡಿ. 2020ರಲ್ಲಿ ಬಂದದ್ದು. ರಾಕ್ಷಸನನ್ನು ಕೊಂದು ಪಡೆಯುವ ಲೂಟ್ ಅಲ್ಲ, ವಿಶ್ ಎಂಬ ಹೆಸರಿನಲ್ಲಿ ಚೀಟಿ ಎತ್ತುವ ಹಾಗೆ ಎಳೆಯುವುದು. ಆದರೆ ಒಳಗಿನ ಯಂತ್ರ ಒಂದೇ. ಚೀನಾದಲ್ಲಿ 2017ರಲ್ಲಿ ಇಂಥ ಅದೃಷ್ಟದ ಪೆಟ್ಟಿಗೆಗಳ ಸಾಧ್ಯತೆಯನ್ನು ಬಹಿರಂಗಪಡಿಸಲೇಬೇಕು ಎಂಬ ನಿಯಮ ಬಂತು. ಆಪಲ್ ಕೂಡ ಅದೇ ವರ್ಷದ ಕೊನೆಗೆ ತನ್ನ ಆಪ್ ಸ್ಟೋರ್‌ನಲ್ಲಿ, ದುಡ್ಡು ಕೊಟ್ಟು ಎಳೆಯುವ ಪೆಟ್ಟಿಗೆಗಳಿಗೆ ಇದನ್ನು ಕಡ್ಡಾಯ ಮಾಡಿತು. ದುಡ್ಡಿಲ್ಲದೆ ಬಾಸ್ ಬೀಳಿಸುವ ಕತ್ತಿಗೆ ಈ ನಿಯಮ ತಗುಲುವುದಿಲ್ಲ. ಅದಕ್ಕೇ ಹೀಗೆ ದುಡ್ಡು ಕೊಟ್ಟು ಎಳೆಯುವ ಗಾಚಾ ಗೇಮ್‌ಗಳ ಅಂಕಿ ಸಿಗುತ್ತದೆ, ಲೂಟ್ ಗೇಮ್‌ಗಳದು ಎಷ್ಟೋ ಸಲ ಸಿಗುವುದಿಲ್ಲ.

ಪಾತ್ರಗಳ ವಿಶ್‌ನಲ್ಲಿ ಅತಿ ಅಪರೂಪದ ದರ್ಜೆಯಾದ ಐದು ಸ್ಟಾರ್‌ಗೆ ಅವರು ಕೊಟ್ಟಿರುವ ಅಂಕಿ ಮೂರು. ಮೂಲ ಸಾಧ್ಯತೆ 0.6 ಪರ್ಸೆಂಟ್. 90ನೇ ಎಳೆತಕ್ಕೆ ಖಾತ್ರಿ. ಖಾತ್ರಿಯೂ ಸೇರಿ ಒಟ್ಟಾರೆ 1.6 ಪರ್ಸೆಂಟ್. ಒಂದು ಕಾಗದ ತೆಗೆದುಕೊಳ್ಳಿ. 89 ಸಲ 0.6, ತೊಂಬತ್ತಕ್ಕೆ ಖಾತ್ರಿ, ನಡುವೆ ಬೇರೇನೂ ಇಲ್ಲ ಅಂದುಕೊಂಡು ಸರಾಸರಿ ತೆಗೆಯಿರಿ. ಐದು ಸ್ಟಾರ್ ಒಂದಕ್ಕೆ ಸುಮಾರು 70 ಎಳೆತ ಬರುತ್ತದೆ. ಅಂದರೆ 1.43 ಪರ್ಸೆಂಟ್. ಆದರೆ ಅವರೇ 1.6 ಅನ್ನುತ್ತಿದ್ದಾರೆ, ಅದು 62 ಚಿಲ್ಲರೆ ಎಳೆತಕ್ಕೆ ಒಂದು. ಏಳೆಂಟು ಎಳೆತ ಎಲ್ಲಿ ಹೋಯಿತು? ತೊಂಬತ್ತಕ್ಕೂ ಮೊದಲೇ ಎಲ್ಲೋ ಸಾಧ್ಯತೆ ಏರುತ್ತಿರಬೇಕು, ಬೇರೆ ದಾರಿಯೇ ಇಲ್ಲ. ಆಟಗಾರರು ತಮ್ಮ ಎಳೆತಗಳ ಇತಿಹಾಸವನ್ನು ರಾಶಿ ಹಾಕಿ ನೋಡಿದಾಗ 74ನೇ ಎಳೆತದಿಂದ ಗುಡ್ಡದ ಹಾಗೆ ಏರಿರುವುದು ಕಂಡಿತು. 74ರಿಂದ ಪ್ರತಿ ಎಳೆತಕ್ಕೆ ಆರಾರು ಪರ್ಸೆಂಟ್ ಏರಿಸಿ ಮತ್ತೆ ಲೆಕ್ಕ ಮಾಡಿದರೆ ಸರಾಸರಿ 62.3 ಬರುತ್ತದೆ. 1.6ಕ್ಕೆ ಸರಿಯಾಗಿ ಕೂರುತ್ತದೆ.

ಅಂಕಿಯನ್ನೇ ಕೊಡದಿದ್ದರೆ? ಆಗ ಎಣಿಸಬೇಕು. ಆದರೆ ಒಬ್ಬರ ಎಣಿಕೆಯಿಂದ ಆಗುವುದು ಬಹಳ ಕಡಿಮೆ. ಒಂದು ಅಂದಾಜು ಸೂತ್ರ ಹೇಳುತ್ತೇನೆ. n ಸಲ ಆಡಿ ಒಂದೂ ಸಿಗದಿದ್ದರೆ, ನಿಜವಾದ ಸಾಧ್ಯತೆ ಹೆಚ್ಚೆಂದರೆ 3/n ಇರಬಹುದು ಎಂದು 95 ಪರ್ಸೆಂಟ್ ಧೈರ್ಯದಿಂದ ಹೇಳಬಹುದು. ನೂರು ಸಲ ಖಾಲಿ ಕೈ ಅಂದರೆ ಮೂರು ಪರ್ಸೆಂಟ್‌ವರೆಗೂ ಇರಬಹುದು. ಹಾಗಾಗಿ "ನೂರು ಸಲ ಆಡಿದೆ, ಎರಡು ಪರ್ಸೆಂಟ್ ಅನ್ನೋದು ಸುಳ್ಳು" ಎಂಬ ವಾದ ನಿಲ್ಲುವುದಿಲ್ಲ. 150 ಸಲ ಖಾಲಿಯಾದರೆ ಅನುಮಾನ ಪಡಲು ಶುರು ಮಾಡಿ. ಆಗಲೂ ನೆನಪಿಡಿ, ಲಕ್ಷ ಜನ ಆಡುವ ಕಡೆ ಐದು ಪರ್ಸೆಂಟ್ ಅಂದರೆ ಐದು ಸಾವಿರ ಜನ.

ಎಲ್ಲರ ಎಣಿಕೆ ಸೇರಿದಾಗ ಮಾತ್ರ ಬೇರೆಯೇ ಶಕ್ತಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಡೆಸ್ಟಿನಿ 2ಕ್ಕೆ ವೆಸ್ಪರ್ಸ್ ಹೋಸ್ಟ್ ಎಂಬ ಡಂಜನ್ ಬಂತು. ಅಲ್ಲಿ ಬೀಳುವ ಒಂದು ಗ್ರೆನೇಡ್ ಲಾಂಚರ್‌ಗೆ ಪರ್ಕ್ ಎಂಬ ವಿಶೇಷ ಗುಣಗಳಲ್ಲಿ ಎರಡು ಒಟ್ಟಿಗೆ ಸೇರಿ ಬರಲಿ ಎಂದು ಎಲ್ಲರೂ ಅದನ್ನೇ ಮತ್ತೆ ಮತ್ತೆ ಆಡಿ ಫಾರ್ಮ್ ಮಾಡುತ್ತಿದ್ದರು. ಆ ಜೋಡಿ ಮಾತ್ರ ಬರುತ್ತಲೇ ಇರಲಿಲ್ಲ. "ತೂಕ ಬದಲಿಸಿದ್ದೀರಾ?" ಎಂದು ಕೇಳಿದರೆ ಆ ಗೇಮ್ ಮಾಡಿದ ಬಂಜಿ ಕಂಪನಿ ಮೊದಲು ಇಲ್ಲ ಎಂದಿತು. ಆಟಗಾರರು ಬಿಡಲಿಲ್ಲ. ರಾಶಿ ರಾಶಿ ಡ್ರಾಪ್‌ಗಳ ದಾಖಲೆ ಒಟ್ಟುಹಾಕಿ, ಕೆಲವು ಜೋಡಿ ಲೆಕ್ಕಕ್ಕಿಂತ ತುಂಬಾ ಕಡಿಮೆ, ಕೆಲವು ತುಂಬಾ ಜಾಸ್ತಿ ಬರುತ್ತಿವೆ ಎಂದು ತೋರಿಸಿದರು. ಬಂಜಿ ಮತ್ತೆ ಹುಡುಕಿ ನೋಡಿ ಒಪ್ಪಿಕೊಂಡಿತು. ಯಾರೂ ಬೇಕೆಂದು ತೂಕ ಇಟ್ಟಿರಲಿಲ್ಲ. ದಾಳ ಉರುಳಿಸುವ ಕೋಡ್‌ನಲ್ಲೇ ದೋಷ ಇತ್ತು. ಎರಡು ದಾಳ ಒಂದಕ್ಕೊಂದು ಸಂಬಂಧ ಇಲ್ಲದೆ ಉರುಳಬೇಕಾಗಿತ್ತು, ಉರುಳುತ್ತಿರಲಿಲ್ಲ. ಪಟ್ಟಿಯನ್ನು ಎಷ್ಟು ಸಲ ತೆರೆದು ನೋಡಿದರೂ ಇಂಥ ತಪ್ಪು ಕಾಣುವುದಿಲ್ಲ. ಪಟ್ಟಿ ಸರಿಯಾಗಿಯೇ ಇರುತ್ತದೆ. ಬಿದ್ದದ್ದನ್ನು ಎಣಿಸಬೇಕು, ಅದೂ ಒಂಟಿ ಪರ್ಕ್ ಅಲ್ಲ, ಜೋಡಿಯನ್ನು.

ಪರರ ತಪ್ಪು ಹೇಳಿದ ಮೇಲೆ ನಮ್ಮದೂ ಹೇಳಬೇಕಲ್ವಾ. ಆ ಚಿಕ್ಕ ಸ್ಟುಡಿಯೋದ ಕಥೆ ಇನ್ನೂ ಮುಗಿದಿಲ್ಲ. ಗೇಮ್ ಬಿಟ್ಟ ಮೇಲೆ ದೂರು ಬರಲು ಶುರುವಾಯಿತು. "ಅರವತ್ತು ಸಲ ಕೊಂದೆ, ಬರಲಿಲ್ಲ." ನಮ್ಮ ಕಡೆಯವರು "ಅದೃಷ್ಟದ ಆಟ ಸರ್, ಹಾಗೆಲ್ಲ ಆಗುತ್ತೆ" ಎಂದು ಉತ್ತರ ಕಳಿಸುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ನಾಚಿಕೆಯ ವಿಷಯ, ಯಾಕೆಂದರೆ 47ಕ್ಕೆ ಖಾತ್ರಿ ಎಂದು ಬರೆದವನೇ ನಾನು. ಅರವತ್ತು ಅನ್ನುವುದು ಆಗಲೇಬಾರದು. ಒಂದೇ ಒಂದು ಅರವತ್ತು ನಿಜವಾದರೂ ಅದು ಅದೃಷ್ಟ ಅಲ್ಲ, ಕೋಡಿನ ತಪ್ಪು.

ಕೊನೆಗೆ ಸರ್ವರ್ ಲಾಗ್ ತೆಗೆದು, ಎಷ್ಟನೇ ಸಲಕ್ಕೆ ಆಯುಧ ಬಿತ್ತು ಎಂದು ಕಂಬ ಕಂಬವಾಗಿ ಚಿತ್ರ ಹಾಕಿದೆ. ಒಂದರಿಂದ ಮೂವತ್ತರವರೆಗೆ ತಗ್ಗಿನ ಬಯಲು, 31ರಿಂದ ಗುಡ್ಡ, 47ರ ಮುಂದೆ ಏನೂ ಇರಬಾರದು. ಗುಡ್ಡ ಇತ್ತು. ಅದರ ಆಚೆ ತೆಳ್ಳಗೆ ಒಂದು ಬಾಲ, ಎಪ್ಪತ್ತರವರೆಗೂ ಹೋಗಿತ್ತು. ಆ ಬಾಲದಲ್ಲಿದ್ದವರು ಯಾರು ಎಂದು ನೋಡಿದರೆ ಎಲ್ಲರೂ ದಿನಾ ಬರುವವರು. ಒಂದು ದಿನವೂ ತಪ್ಪಿಸದವರು!

ಕಾರಣ ಸಿಕ್ಕಿದ್ದು ದಿನದ ಪೆಟ್ಟಿಗೆಯಲ್ಲಿ. ದಿನಕ್ಕೊಂದು ಪೆಟ್ಟಿಗೆ ಉಚಿತವಾಗಿ ತೆರೆಯಲು ಕೊಡುತ್ತಿದ್ದೆವು. ಅದರಲ್ಲಿ ಅಪರೂಪಕ್ಕೆ ಯಾವುದೋ ಒಂದು ಚಿನ್ನದ ಬಣ್ಣದ ಐಟಂ ಬರುತ್ತಿತ್ತು. ನಮ್ಮ ಕೋಡ್‌ನಲ್ಲಿ ಎಣಿಕೆಯನ್ನು ಸೊನ್ನೆ ಮಾಡುವ ಸಾಲು ಬಾಸ್‌ನ ಕಡೆ ಇರಲಿಲ್ಲ. ಚಿನ್ನದ ಐಟಂ ಕೈಗೆ ಕೊಡುವ ಜಾಗದಲ್ಲಿ ಇತ್ತು, ಅದು ಎಲ್ಲಿಂದಲೇ ಬರಲಿ. ಬಾಸ್‌ನನ್ನು 35 ಸಲ ಕೊಂದು, ಗುಡ್ಡದ ಮೇಲೆ ನಿಂತಿರುವವರು ಬೆಳಿಗ್ಗೆ ಪೆಟ್ಟಿಗೆ ತೆರೆಯುತ್ತಾರೆ. ಒಂದು ಕೆಲಸಕ್ಕೆ ಬಾರದ ಚಿನ್ನದ ಬೂಟು ಬರುತ್ತದೆ. ಎಣಿಕೆ ಸೊನ್ನೆ. ಮತ್ತೆ ಮೊದಲಿನಿಂದ. ಪೆಟ್ಟಿಗೆ ಜಾಸ್ತಿ ತೆರೆದಷ್ಟೂ ನಷ್ಟ ಜಾಸ್ತಿ.

ಸರಿಮಾಡಿದ್ದು ಒಂದು ಸಾಲು. ಬಾಸ್‌ನ ಎಣಿಕೆ ಬಾಸ್‌ನ ಆಯುಧ ಬಿದ್ದಾಗ ಮಾತ್ರ ಸೊನ್ನೆಯಾಗಬೇಕು. ಅಂದಿನಿಂದ ಯಾರಾದರೂ "ನಮ್ಮ ಗೇಮ್‌ನಲ್ಲಿ ಪಿಟಿ ಇದೆ" ಅಂದರೆ ನಾನು ಮೊದಲು ಕೇಳುವುದು ಎಷ್ಟನೇ ಸಲಕ್ಕೆ ಖಾತ್ರಿ ಎಂದಲ್ಲ. ಎಣಿಕೆ ಯಾವುದರಿಂದ ಏರುತ್ತದೆ, ಯಾವುದರಿಂದ ಸೊನ್ನೆಯಾಗುತ್ತದೆ, ಅದನ್ನು ಸರ್ವರ್‌ನಲ್ಲಿ ಇಟ್ಟಿದ್ದೀರಾ ಫೋನಿನಲ್ಲಾ? ಫೋನಿನಲ್ಲಿಟ್ಟರೆ ಗೇಮ್ ತೆಗೆದು ಮತ್ತೆ ಹಾಕಿಕೊಂಡವರ ಮೂವತ್ತು ಸಲ ಗಾಳಿಗೆ ಹೋಯಿತು. ನಾವು ಅದೃಷ್ಟಕ್ಕೆ ಸರ್ವರ್‌ನಲ್ಲಿಟ್ಟಿದ್ದೆವು, ಇಲ್ಲದಿದ್ದರೆ ಲಾಗ್ ಕೂಡ ಇರುತ್ತಿರಲಿಲ್ಲ.

ಮಾತು ಮುಗಿಸಿ ನೀರು ಕುಡಿಯುತ್ತಿದ್ದಾಗ ಹುಡುಗನೊಬ್ಬ ಹತ್ತಿರ ಬಂದು ನೋಟ್‌ಬುಕ್ ತೋರಿಸಿದ. ವಾರ್‌ಫ್ರೇಮ್ ರೆಲಿಕ್, ಒಬ್ಬನೇ ಒಡೆದದ್ದು, ರೇಡಿಯೆಂಟ್ ಮಾಡದೆ. ಗೀಟು ಎಳೆದು ಎಳೆದು 74 ಲೆಕ್ಕ ಇಟ್ಟಿದ್ದ. ಒಂದೂ ಬಂದಿಲ್ಲ. "ಇನ್ನೇನು ಬರುತ್ತೆ ಅಲ್ವಾ ಸರ್?" ಎಂದ. ಇಲ್ಲಪ್ಪಾ, ಈ ದಾಳಕ್ಕೆ ನೆನಪಿಲ್ಲ, 75ನೆಯದೂ ಎರಡೇ ಪರ್ಸೆಂಟ್ ಎಂದೆ. ನಿನ್ನ ಹಾಗೆ 74 ಒಡೆದು ಖಾಲಿ ಇರುವವರು ನೂರಕ್ಕೆ 22 ಜನ, ನೀನೇನೂ ಶಾಪಗ್ರಸ್ತ ಅಲ್ಲ. ಅದೇ ರೆಲಿಕ್ ಇರುವ ಮೂವರನ್ನು ಹಿಡಿದು, ಎಲ್ಲರೂ ರೇಡಿಯೆಂಟ್ ಮಾಡಿ ಮೂರು ರನ್ ಆಡಿದರೆ 72 ಪರ್ಸೆಂಟ್ ಆಗುತ್ತದೆ ಎಂದು ಅವನ ನೋಟ್‌ಬುಕ್ಕಿನಲ್ಲೇ ಲೆಕ್ಕ ಬರೆದುಕೊಟ್ಟೆ. ಅವನು ಅದನ್ನು ಓದಿ, ಕುರ್ಚಿ ಎತ್ತಿಡುತ್ತಿದ್ದವರ ಕಡೆ ತಿರುಗಿ, ಯಾವ ರೆಲಿಕ್ ಎಂದು ಜೋರಾಗಿ ಕೂಗಿ ಹೇಳಿದ. ಇಬ್ಬರು ಕೈ ಎತ್ತಿದರು.